ಎಂಬತ್ತು ಅಂಕ

ಹೈದರಾಬಾದಿನ ಸನತ್‌ನಗರದಲ್ಲಿ ನಮ್ಮ ಅಪ್ಪ ಅಮರೇಶಪ್ಪನವರದು ಒಂದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕಪ್ಪು ಫೋನು. ರಾಯಚೂರು, ಲಿಂಗಸುಗೂರು, ಯಾದಗಿರಿ ಕಡೆಯಿಂದ ಬಂದು ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಅರ್ಧ ಜನಕ್ಕೆ ಆ ಫೋನಿನ ನಂಬರು ಬಾಯಿಪಾಠ. ಗ್ಯಾಸ್ ಕನೆಕ್ಷನ್ನಿಗೆ, ಶಾಲೆಯ ಅರ್ಜಿಗೆ, ಸಾಲದ ಅರ್ಜಿಗೆ, ಎಲ್ಲಿ 'ಪರಿಚಯಸ್ಥರ ಫೋನ್' ಅಂತ ಕಂಡರೂ ಅವರು ಅದನ್ನೇ ಬರೆಯುತ್ತಾರೆ. ಆ ಆಫೀಸುಗಳಿಂದ ಯಾರಾದರೂ ಫೋನ್ ಮಾಡಿ ಕೇಳಿದರೆ ಅಪ್ಪ ತೆಲುಗಿನಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಾರೆ. ಕುಡುಕನಾದರೆ ಕುಡುಕ ಎಂದೇ ಹೇಳುತ್ತಾರೆ. ಹಾಗೆ ಹೇಳಿಸಿಕೊಂಡು ಜಗಳಕ್ಕೆ ಬಂದವರೂ ಇದ್ದಾರೆ.

ನಾನು ಗುರುಬಸವ, ಅವರ ಮಗ. ಅಂಗಡಿ ಬೇಡವೆಂದು ಲೆಕ್ಕ ಓದಿ, ಸಿಕಂದರಾಬಾದಿನ ಒಂದು ಸಾಲದ ಕಂಪನಿಯಲ್ಲಿ ಅದರದೇ ಕೆಲಸ ತಪಾಸಣೆ ಮಾಡುವ ಒಳ ಆಡಿಟರ್ ಆದೆ. 2006ರ ಮಾತು. ಆಗ ಹೈದರಾಬಾದಿನಲ್ಲಿ ಎಲ್ಲವೂ ಕಂಪ್ಯೂಟರಿನ ಬಾಯಿಂದಲೇ ಬರಬೇಕು. ನಮ್ಮ ಕಂಪನಿಯಲ್ಲೂ ಸಾಲ ಕೊಡುವುದೋ ಬಿಡುವುದೋ ಎಂದು ಮ್ಯಾನೇಜರುಗಳು ಮುಖ ನೋಡಿ ಹೇಳುವ ಕಾಲ ಹೋಗಿತ್ತು. ಅರ್ಜಿಯಲ್ಲಿನ ವಿವರ ತುಂಬಿದರೆ ಕಂಪ್ಯೂಟರು ಅಂಕ ಕೊಡುತ್ತದೆ. ಕೆಲಸಕ್ಕೆ ಸೇರಿ ಎಷ್ಟು ವರ್ಷ, ಮನೆ ಬಾಡಿಗೆಯದೋ ಸ್ವಂತದ್ದೋ, ಹಳೆಯ ಸಾಲ ತೀರಿಸಿದ್ದು ಹೇಗೆ, ಪ್ರತಿಯೊಂದಕ್ಕೂ ಇಷ್ಟಿಷ್ಟು. ಒಟ್ಟು ಐನೂರ ಇಪ್ಪತ್ತು ದಾಟಿದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗಿ, ಪರಿಚಯಸ್ಥರಿಗೆ ಫೋನ್ ಹೋಗುತ್ತದೆ. ಈ ಅಂಕ ಹಾಕುವ ಲೆಕ್ಕಕ್ಕೆ ನಾವು ಮಾಡೆಲ್ ಅನ್ನುತ್ತಿದ್ದೆವು.

ಆ ಆಗಸ್ಟಿನಲ್ಲಿ ಮೌನಪ್ಪ ಒಂದು ಲಕ್ಷ ಹತ್ತು ಸಾವಿರಕ್ಕೆ ನಮ್ಮ ಕಂಪನಿಗೇ ಅರ್ಜಿ ಹಾಕಿದ. ಲಿಂಗಸುಗೂರಿನವನು, ಇಟ್ಟಿಗೆ ಹೊರಲು ಬಂದು ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುವುದನ್ನು ಕಲಿತವನು, ಹನ್ನೊಂದು ವರ್ಷದಿಂದ ಒಂದೇ ಶೆಡ್ಡಿನಲ್ಲಿ ದುಡಿದವನು. ಶೆಡ್ಡಿನ ಜಾಗವನ್ನು ಸಾಫ್ಟ್‌ವೇರಿನವರಿಗೆ ಫ್ಲಾಟ್ ಕಟ್ಟುವ ಬಿಲ್ಡರು ಕೊಂಡಿದ್ದ. ತಿಂಗಳ ಕೊನೆಗೆ ಖಾಲಿ. ಮಾಲೀಕ ಲೇತನ್ನು ಆ ದುಡ್ಡಿಗೆ ಮೌನಪ್ಪನಿಗೆ ಮಾರಲು ಒಪ್ಪಿದ್ದ. ಅಷ್ಟರೊಳಗೆ ದುಡ್ಡು ಬಾರದಿದ್ದರೆ ಅದು ಗುಜರಿಗೆ.

"ನನ್ನ ನಂಬರ್ ಬರದಿಯಲ್ಲಾ, ಸಾಕು ಬಿಡು," ಎಂದರು ಅಪ್ಪ. "ಫೋನ್ ಬರಲಿ, ನಾ ಹೇಳ್ತೀನಿ."

"ನಿಮ್ಮ ಮಾತಿನ ಮ್ಯಾಲೇ ಬಂದೀನ್ರಿ ಅಮರೇಶಪ್ಪಾರ," ಎಂದ ಮೌನಪ್ಪ. ಅವನ ಹೆಂಡತಿ ಗದಿಗೆಮ್ಮ ಆಗಲೇ ಬಾಡಿಗೆಗೆ ಒಂದು ಮೂಲೆ ಶೆಡ್ಡು ನೋಡಿ ಬಂದಿದ್ದಳು.

ನಾನು ತಲೆ ಹಾಕಲಿಲ್ಲ. ಆಡಿಟರ್ ಆದವನು ಯಾರ ಅರ್ಜಿಗೂ ಶಿಫಾರಸು ಮಾಡಬಾರದು. ಆ ನಿಯಮದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅದೇ ವಾರ ನನಗೆ ಬಂದ ಕೆಲಸ ಆ ಮಾಡೆಲ್‌ನ ಆಡಿಟ್. ಕಾಗದ ಪತ್ರ ಎಲ್ಲ ಚೊಕ್ಕವಾಗಿದ್ದವು. ಫೆಬ್ರವರಿಯಲ್ಲಿ ಬೇರೆ ತಂಡ ಮಾಡೆಲ್ಲನ್ನು ಪರೀಕ್ಷಿಸಿ, ಮಾಡೆಲ್ ಕಟ್ಟುವಾಗ ಬಳಸದಿದ್ದ ಸಾಲಗಳ ಮೇಲೆ ಓಡಿಸಿ, ಒಳ್ಳೆಯ ಸಾಲಗಾರರನ್ನೂ ಕೆಟ್ಟವರನ್ನೂ ಇದು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ಸಹಿ ಮಾಡಿತ್ತು. ಚೊಕ್ಕ ಕಾಗದ ಕಂಡರೆ ನನಗೆ ಅನುಮಾನ. ಜುಲೈಯಿಂದೀಚಿನ ಇನ್ನೂರು ಅರ್ಜಿ ತೆಗೆದು, ಒಪ್ಪಿಗೆ ಪಡೆದ ದಾಖಲೆಯಲ್ಲಿದ್ದ ಹಾಗೆ ನಾನೇ ಎಕ್ಸೆಲ್‌ನಲ್ಲಿ ಅಂಕ ಹಾಕಿದೆ. ಅವುಗಳಲ್ಲಿ ಆಗಸ್ಟಿನ ಮೊದಲ ವಾರದವೂ ಕೆಲವಿದ್ದವು. ಆಮೇಲೆ ಕಂಪ್ಯೂಟರು ಕೊಟ್ಟಿದ್ದ ಅಂಕದ ಪಕ್ಕ ಇಟ್ಟು ನೋಡಿದೆ.

ನೂರ ಎಂಬತ್ತೇಳು ಸರಿಯಾಗಿ ತಾಳೆಯಾದವು. ಹದಿಮೂರು ಆಗಲಿಲ್ಲ. ಹದಿಮೂರರಲ್ಲೂ ಕಂಪ್ಯೂಟರು ಕೊಟ್ಟದ್ದು ಎಂಬತ್ತು ಕಡಿಮೆ, ಸರಿಯಾಗಿ ಎಂಬತ್ತು. ಕೈತಪ್ಪಿ ಆದ ತಪ್ಪು ಹೀಗೆ ಒಂದೇ ಸಮ ಇರುವುದಿಲ್ಲ. ಆ ಹದಿಮೂರು ಅರ್ಜಿಗಳನ್ನು ಹರಡಿಕೊಂಡು ಎಲ್ಲದರಲ್ಲೂ ಸಮಾನವಾದದ್ದು ಏನೆಂದು ಹುಡುಕುತ್ತ ಹೋದೆ. ಪರಿಚಯಸ್ಥರ ಫೋನಿನ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ನಾಲ್ಕರಲ್ಲಿ ಯಾರದೋ ಒಂದೇ ನಂಬರು, ಉಳಿದ ಒಂಬತ್ತರಲ್ಲಿ ನಮ್ಮ ಅಂಗಡಿಯ ನಂಬರು. ಒಂಬತ್ತನೆಯದು ಮೌನಪ್ಪನ ಅರ್ಜಿ. ನನ್ನ ಲೆಕ್ಕದಲ್ಲಿ ಐನೂರ ಅರವತ್ತೊಂದು, ಕಂಪ್ಯೂಟರಿನ ಲೆಕ್ಕದಲ್ಲಿ ನಾನೂರ ಎಂಬತ್ತೊಂದು. ತಿರಸ್ಕೃತ.

ಮಾಡೆಲ್ ನೋಡಿಕೊಳ್ಳುವ ಸತೀಶನ ಬಳಿ ಹೋದೆ. ವಾರಂಗಲ್ಲಿನ ಹುಡುಗ, ಜಾಣ, ಮೈಗಳ್ಳನಲ್ಲ. ಮುಚ್ಚಿಡಲೂ ಇಲ್ಲ. ಮಾರ್ಚಿನಲ್ಲಿ ಒಬ್ಬ ಏಜೆಂಟು ಹದಿನಾಲ್ಕು ಸುಳ್ಳು ಅರ್ಜಿ ತುಂಬಿ ಹಣ ಎತ್ತಿದ್ದನಂತೆ, ಎಲ್ಲದರಲ್ಲೂ ಒಂದೇ ಪರಿಚಯಸ್ಥರ ನಂಬರು. ಮೇಲಿನವರು ಸಿಟ್ಟಾಗಿ, ಸೋಮವಾರದೊಳಗೆ ಏನಾದರೂ ಮಾಡು ಎಂದರಂತೆ. ಶನಿವಾರ ಕೂತು ಒಂದು ನಿಯಮ ಸೇರಿಸಿದ: ಒಂದು ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಅರ್ಜಿಯಲ್ಲಿ ಒಂದೇ ನಂಬರು ಕಂಡರೆ ಎಂಬತ್ತು ಅಂಕ ಕಳೆ, ವಂಚನೆಯ ಗುರುತು ಹಾಕು. ಕೋರಿಕೆಯ ಕಾಗದವಿಲ್ಲ, ಪರೀಕ್ಷೆಯಿಲ್ಲ, ಒಪ್ಪಿಗೆಯಿಲ್ಲ. ಮಾಡೆಲ್‌ನ ಆವೃತ್ತಿ ಸಂಖ್ಯೆಯನ್ನೂ ಬದಲಿಸಿರಲಿಲ್ಲ. ಫೆಬ್ರವರಿಯಲ್ಲಿ ಪರೀಕ್ಷೆ ಬರೆದವನೊಬ್ಬ, ಆಮೇಲೆ ಕೆಲಸಕ್ಕೆ ಬರುತ್ತಿದ್ದವನೊಬ್ಬ ಎನ್ನುವ ಹಾಗಾಗಿತ್ತು ಆ ಮಾಡೆಲ್.

ಎಂಬತ್ತೇ ಯಾಕೆ ಎಂದು ಕೇಳಿದೆ. ಆ ಹದಿನಾಲ್ಕೂ ಅರ್ಜಿ ಬಿದ್ದುಹೋಗಲು ಅಷ್ಟು ಬೇಕಾಗಿತ್ತು ಎಂದ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಾಯಿತು ಇದು. ಒಬ್ಬ ಕಳ್ಳ ಏಜೆಂಟಿನ ಹದಿನಾಲ್ಕು ಕಾಗದ ನೋಡಿ ಇಡೀ ಊರಿಗೆ ನಿಯಮ ಮಾಡಿದ್ದರು. ಊರು ಬಿಟ್ಟು ಬಂದವರಿಗೆ ಪರಿಚಯದ ಫೋನು ಇರುವುದೇ ಒಂದು ಎಂದು ಆ ಹದಿನಾಲ್ಕು ಕಾಗದ ಹೇಳುವುದಿಲ್ಲವಲ್ಲ. ಹಳೆಯ ದಾಖಲೆಯಲ್ಲಿ ನಮ್ಮ ಅಂಗಡಿಯ ನಂಬರಿದ್ದ ಸಾಲಗಳನ್ನು ಹುಡುಕಿದೆ. ನಲವತ್ತೊಂದು ಸಿಕ್ಕವು. ಮೂರು ತಿಂಗಳು ಮೀರಿ ಕಂತು ಬಾಕಿ ಉಳಿದದ್ದು ಒಂದೇ. ಕಂಪನಿಯ ಒಟ್ಟು ಸಾಲದಲ್ಲಿ ಅಂಥವು ನೂರಕ್ಕೆ ಆರು.

ನಲವತ್ತೊಂದು ತೀರ ಕಡಿಮೆ, ಅದರ ಮೇಲೆ ತೀರ್ಮಾನ ಹೇಳಲಾಗದು ಎಂದ ಸತೀಶ. ನಿಜ. ಹದಿನಾಲ್ಕು ಇನ್ನೂ ಕಡಿಮೆ ಎಂದೆ. ಅದೂ ನಿಜ ಎಂದು ಒಪ್ಪಿದ. ಇನ್ನು ಕಾದು ನೋಡೋಣವೆಂದರೆ ಮಾರ್ಚಿನ ನಂತರ ಅಂಥವರಲ್ಲಿ ಹೆಚ್ಚಿನವರಿಗೆ ಸಾಲವೇ ಸಿಕ್ಕಿಲ್ಲ. ಕೊಡದ ಸಾಲ ಮುಳುಗುವುದೂ ಇಲ್ಲ, ತೀರುವುದೂ ಇಲ್ಲ. ಆ ನಿಯಮ ತಪ್ಪೆಂದು ತೋರಿಸುವ ದಾಖಲೆ ಹುಟ್ಟದ ಹಾಗೆ ಆ ನಿಯಮವೇ ನೋಡಿಕೊಳ್ಳುತ್ತಿತ್ತು.

ಆಡಿಟ್ ಮುಖ್ಯಸ್ಥೆ ವನಜಾ ಮೇಡಂ ಬೀದರಿನವರು. ಇಬ್ಬರೇ ಇದ್ದಾಗ ಕನ್ನಡ.

"ಮೇಡಂ, ಆ ನಂಬರು ನಮ್ಮ ಅಪ್ಪಂದ್ರಿ," ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ಬರದು ಕೊಡ್ರಿ. ಆ ಒಂಬತ್ತು ಅರ್ಜಿ ನೀವು ಇನ್ನ ಮುಟ್ಟಬ್ಯಾಡ್ರಿ. ಬ್ಯಾರೆಯವ್ರ ಕಡಿಂದ ಮತ್ತೊಮ್ಮೆ ಲೆಕ್ಕ ಮಾಡಿಸ್ತೀನಿ. ತಪ್ಪು ಭಾಳ ದೊಡ್ಡದೈತಿ, ರಿಪೋರ್ಟಿನ್ಯಾಗ ಬರ್ತೈತಿ."

"ಅಲ್ಲಿತನಕ ಆ ನಿಯಮ ತೆಗಸಬಹುದಲ್ರಿ?"

"ಹಳೇ ಮಾಡೆಲ್ ಐತೇನು?"

ಇರಲಿಲ್ಲ. ಸತೀಶ ಹಳೆಯದರ ಮೇಲೆಯೇ ಬರೆದು ಉಳಿಸಿದ್ದ. ಪ್ರತಿ ಎಲ್ಲೂ ಇಟ್ಟಿರಲಿಲ್ಲ. ಅದಾದ ಮೇಲೆ ಇನ್ನೂ ನಾಲ್ಕು ಕಡೆ ಕೈ ಆಡಿಸಿದ್ದ, ಎಲ್ಲೆಲ್ಲಿ ಎಂದು ಅವನಿಗೇ ಪೂರ್ತಿ ನೆನಪಿಲ್ಲ. ಹಿಂದಕ್ಕೆ ಹೋಗಲು ಹಿಂದೆ ಎನ್ನುವುದೇ ಉಳಿದಿರಲಿಲ್ಲ.

ನಮ್ಮ ವರದಿಯನ್ನು ಕಂಪನಿ ಪೂರ್ತಿ ಒಪ್ಪಿತು. ಇಷ್ಟು ಬೇಗ ಒಪ್ಪಿದ್ದು ನಾನು ಕಂಡಿರಲಿಲ್ಲ. ಶಿಫಾರಸು ನಾನೇ ಬರೆದದ್ದು: ಇನ್ನು ಮುಂದೆ ಮಾಡೆಲ್‌ನಲ್ಲಿ ಒಂದು ಅಂಕ ಬದಲಾದರೂ ಲಿಖಿತ ಕೋರಿಕೆ ಬೇಕು, ಪರೀಕ್ಷೆ ಬೇಕು, ಆ ಬದಲಾವಣೆ ಮಾಡದ ಇನ್ನೊಬ್ಬರು ಬೇರೆಯಾಗಿ ನೋಡಿ ಸಹಿ ಮಾಡಬೇಕು, ಸಮಿತಿ ಒಪ್ಪಬೇಕು; ತುರ್ತು ಎಂದು ಯಾವ ವಿನಾಯಿತಿಯೂ ಇಲ್ಲ, ಇಂದಿನಿಂದಲೇ ಜಾರಿ. 'ಇಂದಿನಿಂದಲೇ' ಎನ್ನುವ ಪದ ಬರೆದಾಗ ಖುಷಿಯಾಗಿತ್ತು.

ಮರುದಿನ ಸತೀಶನೇ ಮೇಜಿನ ಬಳಿ ಬಂದ. ಆ ಎಂಬತ್ತು ಅಂಕದ ನಿಯಮ ತೆಗೆಯುವುದೂ ಒಂದು ಬದಲಾವಣೆಯೇ ಅಲ್ಲವಾ ಎಂದು ಕೇಳಿದ. ಕುಹಕವಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ಹೌದು ಎಂದೆ. ಹಾಗಾದರೆ ಪರೀಕ್ಷೆಗೆ ಒಂದು ತಿಂಗಳು, ಆಮೇಲೆ ಸಮಿತಿ. ಸಮಿತಿ ಕೂಡುವುದು ಅಕ್ಟೋಬರಿನಲ್ಲಿ ಎಂದ.

ಕೆಟ್ಟದ್ದು ಒಂದು ಶನಿವಾರದಲ್ಲಿ ಒಳಗೆ ಬಂದಿತ್ತು. ಅದನ್ನು ಹೊರಗೆ ಹಾಕಲು ಎರಡು ತಿಂಗಳು, ಆರು ಸಹಿ. ಬಾಗಿಲಿಗೆ ಬೀಗ ಹಾಕಿದವನು ನಾನೇ, ಕಳ್ಳ ಒಳಗಿದ್ದಾಗಲೇ ಹಾಕಿದ್ದೆ. ವಿನಾಯಿತಿ ಕೇಳಲು ನನಗೆ ಬಾಯಿರಲಿಲ್ಲ. ನಮ್ಮಪ್ಪನ ನಂಬರಿಗಾಗಿ ಕೇಳಿದೆ ಎಂದಾಗುತ್ತಿತ್ತು, ಹಾಗೆ ಅಂದುಕೊಂಡರೆ ತಪ್ಪೂ ಅಲ್ಲ. ಅಂಕ ಕಡಿಮೆಯಾದರೂ ಶಾಖೆಯ ಮ್ಯಾನೇಜರು ವಿಶೇಷ ಒಪ್ಪಿಗೆ ಕೊಡಬಹುದಿತ್ತು, ಆದರೆ ವಂಚನೆಯ ಗುರುತು ಬಿದ್ದವರಿಗೆ ಅದಿಲ್ಲ. ಒಮ್ಮೆ ತಿರಸ್ಕೃತನಾದವನು ಆರು ತಿಂಗಳು ಮತ್ತೆ ಅರ್ಜಿ ಹಾಕುವಂತೆಯೂ ಇಲ್ಲ. ನಿಯಮವನ್ನು ಹೊರಗೆ ಯಾರಿಗಾದರೂ ಹೇಳಿದರೆ ನನ್ನ ಕೆಲಸ ಹೋಗುತ್ತದೆ.

ಅಂಗಡಿಯಲ್ಲಿ ಅಪ್ಪ ಫೋನ್ ಕಾಯುತ್ತಿದ್ದರು. ಮೌನಪ್ಪನ ಕೈಗೆ ಇನ್ನೂ ಪತ್ರ ಬಂದಿರಲಿಲ್ಲ. ಹತ್ತು ದಿನ ಅಪ್ಪ ಮಧ್ಯಾಹ್ನ ಊಟಕ್ಕೆ ಅಂಗಡಿಯ ಮೇಲಿನ ಮನೆಗೆ ಬರಲಿಲ್ಲ. ಅಮ್ಮ ರೊಟ್ಟಿ ಪಲ್ಯ ಕೆಳಗೆ ಕೊಟ್ಟು ಬರುತ್ತಿದ್ದಳು. ಒಂದು ಸಂಜೆ ಅಪ್ಪ ಕೇಳಿದರು.

"ಗುರು, ನಿಮ್ಮ ಆಫೀಸಿನ ಮಂದಿ ಇನ್ನಾ ಫೋನ್ ಮಾಡಿಲ್ಲಲ್ಲೋ?"

"ನಂಗ ಗೊತ್ತಿಲ್ಲಪ್ಪ," ಎಂದೆ. ಅಪ್ಪನ ಮುಂದೆ ಅಷ್ಟು ದೊಡ್ಡ ಸುಳ್ಳನ್ನು ನಾನು ಅದುವರೆಗೆ ಹೇಳಿರಲಿಲ್ಲ. ನಾಚಿಕೆಯಾಯಿತು, ಆದರೂ ರಾತ್ರಿ ಊಟ ಮಾಡಿದೆ.

ಪತ್ರ ಬಂದದ್ದು ಇಪ್ಪತ್ತೆಂಟನೆಯ ತಾರೀಕು. ಕಾರಣ ಎಂದು ಒಂದೇ ಸಾಲು: ಕಂಪನಿಯ ಮಾನದಂಡಕ್ಕೆ ಹೊಂದಿಲ್ಲ. ಮೂವತ್ತೊಂದಕ್ಕೆ ಗುಜರಿಯವನು ಲೇತನ್ನು ಮೂರು ತುಂಡು ಮಾಡಿ ಟೆಂಪೋದಲ್ಲಿ ಹೇರಿಕೊಂಡು ನಮ್ಮ ಅಂಗಡಿಯ ಮುಂದೆಯೇ ಹೋದ. ಮೌನಪ್ಪ ಅದರ ಹಿಂದೆ ಸ್ವಲ್ಪ ದೂರ ನಡೆದು, ಆಮೇಲೆ ತಿರುಗಿ ಅಂಗಡಿಗೆ ಬಂದ.

"ಇರಲಿ ಬಿಡ್ರಿ," ಎಂದ. "ಬಿಲ್ಡಿಂಗ್ ಕೆಲಸಕ್ಕ ಕರದಾರ. ಅದೇ ಫ್ಲಾಟು ಕಟ್ಟೋದು." ಇಟ್ಟಿಗೆ ಹೊರಲು ಬಂದವನು ಮತ್ತೆ ಇಟ್ಟಿಗೆಗೇ ಹೊರಟಿದ್ದ. ಅಪ್ಪ ಅವನಿಗೆ ಬೀಡಿ ಕಟ್ಟು ಕೊಟ್ಟು ದುಡ್ಡು ಬೇಡ ಎಂದರು. ಅವನು ಎಣಿಸಿ ಇಟ್ಟೇ ಹೋದ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನಾನು ಅಂಗಡಿಯಲ್ಲಿದ್ದೆ. ಯಾದಗಿರಿ ಕಡೆಯ ರೇಣುಕಾ ಎಂಬಾಕೆ ಸಾಲದ ಅರ್ಜಿ ಹಿಡಿದು ಬಂದಳು, ಹೊಲಿಗೆ ಯಂತ್ರಕ್ಕೆ.

"ಅಮರೇಶಪ್ಪಾರ, ನಿಮ್ಮ ನಂಬರ್ ಬರಕೊಳ್ಳಲೇನ್ರಿ?"

ಅಪ್ಪ ತಕ್ಕಡಿಯನ್ನು ಬಟ್ಟೆಯಿಂದ ಒರೆಸಿದರು. ನನ್ನ ಕಡೆ ನೋಡಲಿಲ್ಲ.

"ನಂದು ಬ್ಯಾಡವ್ವ. ಬ್ಯಾರೆ ಯಾರ್ದಾರ ಬರಿ. ನನ್ನ ಮಾತಿಗೆ ಈಗ ಬೆಲಿ ಇಲ್ಲ."

ಅವಳಿಗೆ ಕೊಡಬಹುದಾದ ಸಲಹೆಗಳಲ್ಲಿ ಅದಕ್ಕಿಂತ ಸರಿಯಾದದ್ದು ಇರಲಿಲ್ಲ. ಆಗಸ್ಟಿನಿಂದ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೂ ಅದೇ. ಅವಳು ಹೋದ ಮೇಲೆ ಅಪ್ಪ ಕೇಳಿದರು, "ನಾ ಏನರ ತಪ್ಪು ಮಾಡಿದ್ನೇನೋ?"

"ಇಲ್ಲಪ್ಪ. ನಿಮ್ಮ ತಪ್ಪಿಲ್ಲ."

"ಮತ್ತ ಯಾರ್ದೋ?"

ನಾನು ಸಕ್ಕರೆ ಚೀಲದ ಬಾಯಿ ಕಟ್ಟಿದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಅಪ್ಪ ಫೋನಿನ ಕಡೆ ನೋಡದೆ ಊಟಕ್ಕೆ ಮೇಲೆ ಹೋದರು.