ಪಟ್ಟೆ ಬಾರದ ದಿನ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅವಳ ಸಂಶೋಧನೆಯ ಗೈಡ್, ಅವಳ ಪಾಲಿಗೆ ಬರೀ 'ಸರ್'. ಏಳು ವರ್ಷಗಳಿಂದ ಕಪ್ಪು ಪೆಟ್ಟಿಗೆಯೊಂದರ ಮುಂದೆ ಕೂತು ಬೆಳಕಿನ ಚುಕ್ಕಿ ಎಣಿಸುತ್ತಿರುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಮನೆಯಲ್ಲಿ ಅತ್ತೆಯದೂ ಅದೇ ರಾಗ. "ಚುಕ್ಕಿ ಎಣಿಸೋಕೂ ಡಾಕ್ಟರ್ ಪದವಿ ಕೊಡ್ತಾರೇನಮ್ಮಾ? ಹಾಗಾದ್ರೆ ಇಷ್ಟು ವರ್ಷ ಕಾಳು ಆರಿಸಿದ್ದಕ್ಕೆ ನಂಗೆ ನಾಲ್ಕು ಪದವಿ ಬರಬೇಕಿತ್ತು." ಚುಕ್ಕಿ ನಕ್ಕು ಸುಮ್ಮನಾಗುತ್ತಿದ್ದಳು. ನಗು ಬಾರದ ದಿನ ಬರೀ ಸುಮ್ಮನಾಗುತ್ತಿದ್ದಳು.

ಕೆಲಸ ಕೇಳಲು ಸುಲಭ. ಪೆಟ್ಟಿಗೆಯ ಒಂದು ತುದಿಯಲ್ಲಿ ಕೆಂಪು ಲೇಸರ್. ಅದರ ಮುಂದೆ ಒಂದರ ಹಿಂದೊಂದು ಮಸುಕು ಗಾಜುಗಳು. ಅವು ಬೆಳಕನ್ನು ಎಷ್ಟು ಸೊರಗಿಸುತ್ತವೆಂದರೆ, ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಒಂದು ಕಣ, ಪೆಟ್ಟಿಗೆ ದಾಟಿ ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಬರುತ್ತದೆ, ಎರಡು ಜೊತೆಯಾಗುವುದು ತೀರಾ ಅಪರೂಪ. ನಡುವೆ ಕೂದಲೆಳೆಯಷ್ಟು ಸಣ್ಣ ಎರಡು ಸೀಳುಗಳಿರುವ ಲೋಹದ ಹಾಳೆ. ಆಚೆ ತುದಿಯಲ್ಲಿ ಒಂಟಿ ಫೋಟಾನನ್ನೂ ಹಿಡಿಯುವ ಕ್ಯಾಮೆರಾ. ಪ್ರತಿ ಫೋಟಾನ್ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಒಂದು ಚುಕ್ಕಿಯಾಗಿ ಬೀಳುತ್ತದೆ. ಎಲ್ಲಿ ಬೀಳುತ್ತದೆಂದು ಬ್ರಹ್ಮನೂ ಹೇಳಲಾರ. ಆದರೆ ಚುಕ್ಕಿಗಳು ಸಾವಿರಾರಾದಾಗ ಅವು ಅಡ್ಡಾದಿಡ್ಡಿ ಅಲ್ಲ ಎಂದು ತಿಳಿಯುತ್ತದೆ. ಒಂದು ಪಟ್ಟೆ ತುಂಬಿರುತ್ತದೆ, ಪಕ್ಕದ ಪಟ್ಟೆ ಖಾಲಿ, ಮತ್ತೆ ತುಂಬಿದ್ದು, ಮತ್ತೆ ಖಾಲಿ. ಒಂಟಿಯಾಗಿ ಬಂದ ಫೋಟಾನಿಗೂ ಎರಡು ಸೀಳುಗಳ ಲೆಕ್ಕ ಹೇಗೋ ತಾಗಿರುತ್ತದೆ. ಎಷ್ಟು ಚುಕ್ಕಿ ಬಿದ್ದ ಮೇಲೆ "ಪಟ್ಟೆ ಇದೆ" ಎಂದು ಧೈರ್ಯವಾಗಿ ಹೇಳಬಹುದು ಎನ್ನುವುದೇ ಚುಕ್ಕಿಯ ಸಂಶೋಧನೆ.

ಪ್ರಬಂಧ ಕೊಟ್ಟಾಗಿತ್ತು. ಆದರೆ ಹೊರಗಿನ ಪರೀಕ್ಷಕಿ ಅದನ್ನು ತಡೆಹಿಡಿದಿದ್ದರು. ಚಿತ್ರಗಳು ಅತಿ ಚೊಕ್ಕವಾಗಿವೆ, ಕಂಪ್ಯೂಟರಿನಲ್ಲಿ ಹುಟ್ಟಿಸಿದಂತೆ ಕಾಣುತ್ತವೆ, ನನ್ನ ಕಣ್ಣೆದುರು ಮಾಡಿ ತೋರಿಸಿದರೆ ಮಾತ್ರ ಒಪ್ಪುತ್ತೇನೆ ಎಂದಿದ್ದರು. ನೇರವಾಗಿ ಕಳ್ಳಿ ಎಂದಿರಲಿಲ್ಲ, ಅಷ್ಟೇ. ಆ ದಿನದಿಂದ ಚುಕ್ಕಿಗೆ ಅನ್ನ ಸೇರುತ್ತಿರಲಿಲ್ಲ. ಪದವಿ ಹೋದರೆ ಹೋಗಲಿ, ಮೋಸ ಮಾಡಿದವಳು ಎಂಬ ಮಾತು ಅಂಟಿದರೆ ಯಾವ ಲ್ಯಾಬೂ ಬಾಗಿಲು ತೆರೆಯುವುದಿಲ್ಲ. ಅವಳಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಪರೀಕ್ಷಕಿ ಬರುವ ಹಿಂದಿನ ದಿನ ಎಲ್ಲವನ್ನೂ ಪರೀಕ್ಷಿಸಿ, ಪಟ್ಟೆ ಬಂದದ್ದನ್ನು ನೋಡಿಯೇ ಮನೆಗೆ ಹೋಗಿದ್ದಳು. ಬೆಳಿಗ್ಗೆ ಬಂದಾಗ ಸರ್ ಆಗಲೇ ಬಂದು ಪೆಟ್ಟಿಗೆಯ ಮೇಲಿನ ದೂಳು ಒರೆಸುತ್ತಿದ್ದರು. ಅವರಿಗೂ ಮದುವೆ ಮನೆಯ ಸಡಗರ, ಮದುವೆ ಮನೆಯ ಭಯ. "ಎಲ್ಲಾ ಸರಿ ಮಾಡಿಟ್ಟಿದ್ದೀನಿ ಚುಕ್ಕಿ, ನೀನು ಆರಾಮಾಗಿರು" ಎಂದರು. ಆರಾಮಾಗಿರು ಎಂದು ಹೇಳಿಸಿಕೊಂಡು ಆರಾಮಾದವರು ಯಾರಿದ್ದಾರೆ?

ಪರೀಕ್ಷಕಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಣ್ಣ ಮೈಕಟ್ಟು, ಬಿಳಿ ಕೂದಲು, ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ಚಹಾ ಬೇಡ ಎಂದರು. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತು, "ಶುರು ಮಾಡಿ" ಎಂದರು.

ಮೊದಲ ಚುಕ್ಕಿ ಎಡಕ್ಕೆ ಬಿತ್ತು. ಎರಡನೆಯದು ನಡುವೆ. ಆಮೇಲೆ ಅಲ್ಲೊಂದು ಇಲ್ಲೊಂದು. ಈ ಘಟ್ಟದಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ, ತಿಳಿಯಬಾರದು ಕೂಡ. ಚುಕ್ಕಿ ಕೈಕಟ್ಟಿ ನಿಂತಳು. ಪರದೆ ಮೆಲ್ಲಗೆ ತುಂಬುತ್ತಿತ್ತು. ಪರೀಕ್ಷಕಿಗಿಂತ ಬಹಳ ಮೊದಲೇ ಅವಳಿಗೆ ಅನುಮಾನ ಬಂತು, ಏಳು ವರ್ಷದ ಕಣ್ಣಲ್ಲವೇ. ಖಾಲಿ ಇರಬೇಕಾದ ಜಾಗದಲ್ಲಿ ಚುಕ್ಕಿಗಳು ಬೀಳುತ್ತಿದ್ದವು. ಇನ್ನೂ ಸ್ವಲ್ಪ ಬೀಳಲಿ ಎಂದುಕೊಂಡಳು. ಬಿದ್ದವು. ನಡುವೆ ದಟ್ಟವಾಗಿ, ಅಂಚಿಗೆ ಹೋದಂತೆ ತೆಳುವಾಗಿ, ಬೋರಲು ಹಾಕಿದ ಬಟ್ಟಲಿನಂತೆ ಒಂದೇ ಗುಡ್ಡೆ. ಒಂದೂ ಪಟ್ಟೆ ಇಲ್ಲ.

"ಎಷ್ಟು ಚುಕ್ಕಿ ಆದ್ಮೇಲೆ ಪಟ್ಟೆ ಕಾಣ್ಬೇಕು ಅಂತ ಬರ್ದಿದ್ದೀರಿ?" ಪರೀಕ್ಷಕಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಅಷ್ಟು ಆಗಲೇ ದಾಟಿದೆ ಮೇಡಂ."

"ಕಾಣ್ತಿಲ್ಲವಲ್ಲ?"

"ಇಲ್ಲ ಮೇಡಂ."

ಅಷ್ಟರಲ್ಲಿ ಪರೀಕ್ಷಕಿಗೆ ಫೋನ್ ಬಂತು. ಅವರು ಎದ್ದು ಕಾರಿಡಾರಿಗೆ ಹೋದರು. ಬಾಗಿಲು ಮುಚ್ಚಿದ್ದೇ ತಡ, ಸರ್ ಹತ್ತಿರ ಬಂದು ಪಿಸುಗುಟ್ಟಿದರು. "ಹೋದ ತಿಂಗಳು ರೆಕಾರ್ಡ್ ಮಾಡಿದ ಫೈಲ್ ಇದೆಯಲ್ಲ, ಅದನ್ನ ಓಡಿಸಿಬಿಡು. ಚುಕ್ಕಿ ಬೀಳೋದು ಹಾಗೇ ಕಾಣುತ್ತೆ. ಅದೂ ನಿಂದೇ, ಅದೂ ನಿಜವೇ. ಏನು ತಪ್ಪು?"

ಚುಕ್ಕಿ ಅವರ ಮುಖ ನೋಡಿದಳು. ಏಳು ವರ್ಷ ಅವಳ ಪರವಾಗಿ ಕಚೇರಿ ಕಚೇರಿ ಅಲೆದ ಮುಖ. ಗಂಡನಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಗೆ ಕೂತಿದ್ದ ಮುಖ. ಅದರ ಮೇಲೆ ಬೆವರು ಹರಿಯುತ್ತಿತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಯಾಕೆಂದರೆ ಅವರ ಮಾತು ಮುಗಿಯುವಷ್ಟರಲ್ಲಿ ಅವಳ ಕೈ ಆಗಲೇ ಮೌಸಿನ ಮೇಲಿತ್ತು.

"ಬೇಡ ಸರ್," ಎಂದು ಕೈ ತೆಗೆದಳು. "ಅವರು ಅನುಮಾನ ಪಟ್ಟಿದ್ದೇ ಅದನ್ನ."

ಪರೀಕ್ಷಕಿ ಮರಳಿ ಬಂದಾಗ ಚುಕ್ಕಿ ನೇರವಾಗಿ ಹೇಳಿದಳು: "ಮೇಡಂ, ನಿನ್ನೆ ಪಟ್ಟೆ ಬಂದಿತ್ತು. ಇವತ್ತು ಬರ್ತಿಲ್ಲ. ಯಾಕೆ ಅಂತ ನಂಗೆ ಗೊತ್ತಿಲ್ಲ. ನಿಮ್ಮೆದುರಿಗೇ ಹುಡುಕ್ತೀನಿ, ಹುಡುಕಬಹುದಾ?"

"ಹುಡುಕಿ," ಎಂದರು ಪರೀಕ್ಷಕಿ. ಮುಖದಲ್ಲಿ ಕರುಣೆಯೂ ಇರಲಿಲ್ಲ, ಕುಹಕವೂ ಇರಲಿಲ್ಲ.

ಮೊದಲು ಅವಳು ಹೊರಗಿನ ತಿರುಪನ್ನು ತಿರುಗಿಸಿ, ಪೆಟ್ಟಿಗೆಯೊಳಗೆ ಸರಿಯುವ ಸಣ್ಣ ತಗಡಿನಿಂದ ಎಡಗಡೆ ಸೀಳನ್ನು ಮುಚ್ಚಿದಳು. ಚುಕ್ಕಿ ಬೀಳುವ ವೇಗ ಹೆಚ್ಚುಕಡಿಮೆ ಅರ್ಧವಾಯಿತು. ಅದನ್ನು ತೆಗೆದು ಬಲಗಡೆಯದನ್ನು ಮುಚ್ಚಿದಳು, ಆಗಲೂ ಅರ್ಧ. ಅಂದರೆ ಎರಡೂ ಸೀಳಿನಿಂದ ಬೆಳಕು ಬರುತ್ತಿದೆ. ಬರುತ್ತಿದ್ದರೂ ಒಂದಕ್ಕೊಂದು ಮಾತು ಬಿಟ್ಟ ಓರಗಿತ್ತಿಯರ ಹಾಗೆ, ತಮ್ಮ ಪಾಡಿಗೆ ತಾವು. ಎರಡರ ಗುಡ್ಡೆಗಳೂ ಸುಮ್ಮನೆ ಕೂಡಿಕೊಂಡಿವೆ, ಅಷ್ಟೇ.

ಕ್ಯಾಮೆರಾ ಮುಚ್ಚಿ, ಪೆಟ್ಟಿಗೆಯ ಎರಡೂ ತುದಿಯ ಕಿಟಕಿ ತೆರೆದು, ಮಸುಕು ಗಾಜುಗಳನ್ನು ತೆಗೆದು, ಲೇಸರಿನ ಪೂರ್ತಿ ಬೆಳಕನ್ನು ಕ್ಯಾಮೆರಾದ ಮುಂದಿಟ್ಟ ಬಿಳಿ ಕಾರ್ಡಿನ ಮೇಲೆ ಬೀಳಿಸಿದಳು. ಅಲ್ಲಿಯೂ ಪಟ್ಟೆ ಇಲ್ಲ, ನುಣ್ಣನೆಯ ಕೆಂಪು ಕಲೆ. ಪೆಟ್ಟಿಗೆ ನಡುಗುತ್ತಿದ್ದರೆ ಪಟ್ಟೆಯೂ ಅಲುಗಾಡಬೇಕಿತ್ತು, ಇಲ್ಲಿ ಅಲುಗುವುದಕ್ಕೂ ಏನೂ ಇರಲಿಲ್ಲ. ಹಾಗಾದರೆ ಎರಡು ಸೀಳಿನ ಬೆಳಕುಗಳಿಗೂ ಏನೋ ವ್ಯತ್ಯಾಸ ಬಂದಿದೆ. ಯಾವ ವ್ಯತ್ಯಾಸ? ಮೇಜಿನ ಡ್ರಾಯರಿನಲ್ಲಿ ಪೋಲರಾಯ್ಡ್ ತುಂಡೊಂದು ಬಿದ್ದಿತ್ತು, ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಹಾಳೆ. ಅದನ್ನು ಕಾರ್ಡಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿದಳು.

ಹಾಳೆ ನೆಟ್ಟಗಾದ ಕ್ಷಣ ಕಾರ್ಡಿನ ಮೇಲೆ ಪಟ್ಟೆಗಳು ಎದ್ದು ನಿಂತವು.

ಇನ್ನೂ ತಿರುಗಿಸಿದಳು, ಮಾಯ. ಅಡ್ಡವಾದಾಗ ಮತ್ತೆ ಬಂದವು. ಆದರೆ ಆಗ ಖಾಲಿ ಇದ್ದ ಜಾಗದಲ್ಲಿ ಈಗ ಬೆಳಕು, ಬೆಳಕಿದ್ದಲ್ಲಿ ಖಾಲಿ. ಚುಕ್ಕಿ ಏನೂ ಹೇಳದೆ ಲೇಸರ್ ಆರಿಸಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಸೀಳಿನ ಹಾಳೆಯ ಮೇಲೆ ಟಾರ್ಚ್ ಹಿಡಿದು ಓರೆಯಾಗಿ ನೋಡಿದಳು. ಸಡಿಲವಾಗಿದ್ದ ಹಾಳೆ ಅಲುಗದಿರಲೆಂದು ಪಾರದರ್ಶಕ ಟೇಪ್ ಅಂಟಿಸಲಾಗಿತ್ತು. ನೆಟ್ಟಗೆ, ನೀಟಾಗಿ. ಅದರ ಅಂಚು ಸರಿಯಾಗಿ ಎರಡು ಸೀಳುಗಳ ನಡುವೆ ಬಂದಿತ್ತು. ಒಂದು ಸೀಳು ಟೇಪಿನಡಿಗೆ, ಇನ್ನೊಂದು ಬಯಲಿಗೆ.

ಟೇಪನ್ನು ತಯಾರಿಸುವಾಗ ಎಳೆದು ಹಿಗ್ಗಿಸುತ್ತಾರೆ, ಅದಕ್ಕೇ ಅದು ಬೆಳಕು ಕಂಪಿಸುವ ದಿಕ್ಕನ್ನು ತಿರುಚಿಬಿಡುತ್ತದೆ. ಲೇಸರಿನ ಬೆಳಕು ಓರೆಯಾಗಿ ಕಂಪಿಸುತ್ತಿತ್ತು. ಬಯಲಿನ ಸೀಳಿನಿಂದ ಅದು ಹಾಗೇ ಬಂದರೆ, ಟೇಪಿನ ಸೀಳಿನಿಂದ ಆಚೆಕಡೆಯ ಓರೆಗೆ ತಿರುಗಿ ಬರುತ್ತಿತ್ತು. ಪ್ರತಿ ಫೋಟಾನಿನ ಮೇಲೂ ಯಾವ ದಾರಿಯಲ್ಲಿ ಬಂತು ಎಂಬ ಗುರುತು ಬೀಳುತ್ತಿತ್ತು. ಗುರುತು ಬಿದ್ದರೆ ಪಟ್ಟೆ ಕಟ್ಟುವುದಿಲ್ಲ.

"ಟೇಪ್ ಯಾರು ಹಾಕಿದ್ದು?" ಪರೀಕ್ಷಕಿ ಕೇಳಿದರು.

ಚುಕ್ಕಿ ತಲೆ ಎತ್ತಲಿಲ್ಲ. ಹೇಳಿದರೆ ಗುರುದ್ರೋಹ, ಹೇಳದಿದ್ದರೆ ಸುಳ್ಳು.

"ನಾನು," ಎಂದರು ಸರ್ ಕೊನೆಗೆ. "ಬೆಳಿಗ್ಗೆ. ಹಾಳೆ ಅಲುಗ್ತಿತ್ತು."

ಪರೀಕ್ಷಕಿ ಮೊದಲ ಸಲ ನಕ್ಕರು. ಆದರೆ ಪ್ರಶ್ನೆ ಚುಕ್ಕಿಗೇ ಹಾಕಿದರು. "ಮೊದಲ ಸಲ ಓಡಿಸಿದಾಗ ಪೋಲರಾಯ್ಡ್ ಇರಲಿಲ್ಲ. ಟೇಪ್ ಇರೋದೂ ಯಾರಿಗೂ ಗೊತ್ತಿರಲಿಲ್ಲ. ಯಾವ ಫೋಟಾನ್ ಯಾವ ಸೀಳಿಂದ ಬಂತು ಅಂತ ನೋಡಿದೋರು ಯಾರೂ ಇಲ್ಲ. ಮತ್ತೆ ಪಟ್ಟೆ ಯಾಕೆ ಹೋಯ್ತು?"

"ನೋಡೋರು ಬೇಕಾಗಿಲ್ಲ ಮೇಡಂ. ಗುರುತು ಬಿದ್ದಿದ್ರೆ ಸಾಕು. ಯಾರೂ ಓದದಿದ್ರೂ, ಓದೋಕಾಗುತ್ತೆ ಅನ್ನೋದೇ ಸಾಕು."

"ಆಮೇಲೆ ಪಟ್ಟೆ ವಾಪಸ್ ಬಂತಲ್ಲ?"

"ಪೋಲರಾಯ್ಡ್ ನೆಟ್ಟಗಿಟ್ರೆ ಎರಡು ದಾರಿಯ ಬೆಳಕೂ ಒಂದೇ ಥರ ಆಗಿ ಹೊರಬರುತ್ತೆ. ಯಾವುದು ಎಲ್ಲಿಂದ ಅಂತ ಇನ್ನು ಹೇಳೋಕಾಗಲ್ಲ. ಆದ್ರೆ ಅದಕ್ಕೆ ಅರ್ಧ ಫೋಟಾನ್ ಕಳ್ಕೊಳ್ಬೇಕು. ಉಳಿದರ್ಧ ಅಡ್ಡ ಇಟ್ಟಾಗ ಸಿಗುತ್ತೆ, ಎರಡನ್ನೂ ಕೂಡಿಸಿದ್ರೆ ಮತ್ತೆ ಅದೇ ಗುಡ್ಡೆ."

"ಒಂಟಿ ಫೋಟಾನಿನಲ್ಲೂ ಹಾಗೇ ಆಗುತ್ತಾ? ತೋರ್ಸಿ."

ಮಸುಕು ಗಾಜುಗಳನ್ನು ಮರಳಿ ಇಟ್ಟು, ಪೋಲರಾಯ್ಡನ್ನು ಕ್ಯಾಮೆರಾದ ಮುಂದೆ ನೆಟ್ಟಗೆ ನಿಲ್ಲಿಸಿ, ಪೆಟ್ಟಿಗೆ ಮುಚ್ಚಿದಳು. ಮತ್ತೆ ಮೊದಲ ಚುಕ್ಕಿ. ಮತ್ತೆ ಅದೇ ಕಾಯುವಿಕೆ, ಈಗ ಮೊದಲಿಗಿಂತ ನಿಧಾನ. ಊಹೆ ತಪ್ಪಾಗಿದ್ದರೆ ಇಲ್ಲಿಗೆ ಮುಗಿಯಿತು. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದವು, ಗುಂಪಾದವು, ಗುಂಪಿನ ನಡುವೆ ತೆಳ್ಳನೆಯ ಖಾಲಿ ಗೆರೆಗಳು ಉಳಿಯತೊಡಗಿದವು. ಪರೀಕ್ಷಕಿಯೇ ಬೆರಳಿಟ್ಟು ತೋರಿಸಿದರು. "ಬಂತು, ಇಲ್ಲಿ ಬಂತು ನೋಡಿ!" ಚುಕ್ಕಿಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಹೊರಡುವಾಗ ಪರೀಕ್ಷಕಿ ಹೇಳಿದರು: "ಕಂಪ್ಯೂಟರಲ್ಲಿ ಹುಟ್ಟಿಸಿದ ಚುಕ್ಕಿಗಳು ಟೇಪಿಗೆಲ್ಲಾ ಹೆದರಲ್ಲ. ನನ್ನ ಅನುಮಾನ ವಾಪಸ್ ತಗೊಂಡೆ. ಆದ್ರೆ ಇವತ್ತಿನದ್ದು ಒಂದು ಅಧ್ಯಾಯ ಆಗ್ಬೇಕು, ಇದೇ ಟೇಪಿನ ಮೇಲೆ. ನೀವು ಗೊತ್ತಿಲ್ಲ ಅಂದ್ರಲ್ಲ, ಆಗಲೇ ನಾನು ಅರ್ಧ ನಂಬಿದ್ದೆ."

ಅವರ ಕಾರು ಹೋದ ಮೇಲೆ ಸರ್ ಎರಡು ಲೋಟ ಚಹಾ ತಂದರು. ನೆಮ್ಮದಿಯಿಂದ ಮುಖ ಅರಳಿತ್ತು. "ನೋಡಿದ್ಯಾ, ನನ್ನ ಟೇಪೇ ನಿನ್ನ ಕೈ ಹಿಡೀತು!" ಎಂದು ನಕ್ಕರು. ಅವಳೂ ನಕ್ಕಳು. ಆಮೇಲೆ ಅವರು ಲೋಟದೊಳಗೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದರು: "ಆ ಫೈಲಿನ ಮಾತು... ಗಾಬರಿಯಲ್ಲಿ ಅಂದೆ. ಯಾರಿಗೂ ಗೊತ್ತಿಲ್ಲವಲ್ಲ, ಬಿಡು."

"ಯಾರಿಗೂ ಗೊತ್ತಿಲ್ಲ ಸರ್."

ಅವಳು ಯಾರಿಗೂ ಹೇಳುವವಳಲ್ಲ, ಗಂಡನಿಗೂ ಇಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಗುರುತು ಬಿದ್ದಾಗಿತ್ತು. ಚಹಾ ಮುಗಿಸಿದ ಸರ್ ಎಂದಿನಂತೆ ಮುಚ್ಚಳ ಎತ್ತಿ, ಸೀಳಿನ ಹಾಳೆಯತ್ತ ಕೈ ಚಾಚಿದರು.

"ಮುಟ್ಬೇಡಿ ಸರ್."

ಅವರ ಕೈ ಅಲ್ಲೇ ನಿಂತಿತು. ಏಳು ವರ್ಷದಲ್ಲಿ ಅವಳು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಹೊಸ ಅಧ್ಯಾಯಕ್ಕೆ ಟೇಪ್ ಹಾಗೇ ಇರಬೇಕಲ್ಲ, ಅದಕ್ಕೆ ಅಂದೆ ಎಂದು ಅವಳು ಸೇರಿಸಬಹುದಿತ್ತು. ಸೇರಿಸಲಿಲ್ಲ. ಸರ್ ಕೈ ಹಿಂದಕ್ಕೆ ತೆಗೆದುಕೊಂಡು, ಖಾಲಿ ಲೋಟಗಳನ್ನು ತಾವೇ ಎತ್ತಿಕೊಂಡು ಹೊರಗೆ ಹೋದರು.