ಹೆಸರಿಲ್ಲದ ಬೋರ್ಡು

ಪಾಲುದಾರಿಕೆ ಪತ್ರದ ಕರಡಿನಲ್ಲಿ ಹದಿನೆಂಟು ಕಲಮುಗಳು ತುಂಬಿದ್ದವು. ಎರಡನೆಯದು ಮಾತ್ರ ಖಾಲಿ. ಅಲ್ಲಿ ಸಂಸ್ಥೆಯ ಹೆಸರು ಬರಬೇಕಿತ್ತು.

ಮಧುಗಿರಿಯಲ್ಲಿ ವಕೀಲರು ಹೆಸರಿಗಾಗಿ ಹೀಗೆ ತಲೆ ಕೆಡಿಸಿಕೊಳ್ಳುವುದು ಅಪರೂಪ. ಕೋರ್ಟಿಗೆ ಸಂಸ್ಥೆಯ ಹೆಸರು ಬೇಕಿಲ್ಲ. ವಕಾಲತ್ತಿಗೆ ಸಹಿ ಹಾಕುವವನು ವಕೀಲ, ಅವನ ಹೆಸರಿನಲ್ಲೇ ಎಲ್ಲ ನಡೆಯುತ್ತದೆ. ಆದರೆ ಪಾವಗಡ ತಾಲ್ಲೂಕಿನ ವಳ್ಳೂರಿನ ಕಡೆ ಸೋಲಾರ್ ಕೆಲಸ ಹಿಡಿದ ಕಂಪನಿಯೊಂದು ಗೇಣಿ ಕರಾರುಗಳನ್ನು ಪರಿಶೀಲಿಸಲು ವಕೀಲರನ್ನು ಹುಡುಕುತ್ತಿತ್ತು. ಒಂಟಿ ವಕೀಲರು ಬೇಡ, ನೋಂದಾಯಿತ ಸಂಸ್ಥೆಯೇ ಆಗಬೇಕು, ಅದರ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಇರಬೇಕು ಎಂದಿತ್ತು. ಹಾಗಾಗಿ ರೇಣುಕಪ್ರಸಾದ್ ಆರಾಧ್ಯ ಮತ್ತು ಹನುಮಂತರಾಜು ಒಂದಾಗಲು ಹೊರಟಿದ್ದರು. ಲಾ ಕಾಲೇಜಿನಲ್ಲಿ ಒಂದೇ ಬೆಂಚು, ಕೋರ್ಟಿನಲ್ಲಿ ಹದಿನಾಲ್ಕು ವರ್ಷ ಅಕ್ಕಪಕ್ಕದ ಕುರ್ಚಿ.

"ಆರಾಧ್ಯ ಅಂಡ್ ಹನುಮಂತರಾಜು ಅಂತ ಬರ್ಕೊಂಡ್ಬಿಡೋಣ," ಎಂದ ರೇಣುಕಪ್ರಸಾದ್.

ಹನುಮಂತರಾಜು ಅದನ್ನು ಚೀಟಿಯಲ್ಲಿ ಬರೆದು ನೋಡಿದ. ಒಂದು ಕಡೆ ಮನೆತನದ ಹೆಸರು, ಇನ್ನೊಂದು ಕಡೆ ಕರೆಯುವ ಹೆಸರು. ಯಜಮಾನ ಮತ್ತು ಅವನ ಕಾರು ಓಡಿಸುವವನ ಹಾಗೆ ಕಂಡಿತು.

"ನಿಂದೂ ಕರೆಯೋ ಹೆಸ್ರೇ ಬರಿ, ಪ್ರಸಾದು. ರೇಣುಕಪ್ರಸಾದ್ ಅಂಡ್ ಹನುಮಂತರಾಜು."

"ನಲವತ್ತು ವರ್ಷದಿಂದ ನಮ್ಮಪ್ಪನ್ನ ನಾಲ್ಕು ತಾಲ್ಲೂಕು ಗುರ್ತು ಹಿಡಿಯೋದು ಆರಾಧ್ಯ ಅಂತ ಕಣೋ. ಅದನ್ನ ಕೆಳಗಿಡು ಅಂತೀಯ. ನಿಂಗೂ ಒಂದು ಮನೆ ಹೆಸ್ರು ಇದ್ದಿದ್ರೆ ಜಗಳನೇ ಇರ್ತಿರ್ಲಿಲ್ಲ."

"ನಮ್ಮ ಹಟ್ಟಿಲಿ ಕುರಿಗೆ ಗುರ್ತು ಹಾಕ್ತಿದ್ರು, ಮನುಷ್ರಿಗಲ್ಲ."

ಇಬ್ಬರೂ ನಕ್ಕರು. ಒಳಗಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ರೇಣುಕಪ್ರಸಾದನ ತಂದೆ, ಹಿರಿಯ ವಕೀಲ ಪ್ರಸನ್ನಕುಮಾರ ಆರಾಧ್ಯರು ಕನ್ನಡಕ ತೆಗೆದರು. ಕಟ್ಟಡ ಅವರದ್ದು, ಗೋಡೆಯುದ್ದದ ಕಾನೂನು ಪುಸ್ತಕಗಳೂ ಅವರವು. ಕೋರ್ಟಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

"ಹನುಮಂತರಾಜು ಅವ್ರಪ್ಪನ ಹೆಸ್ರು ಹಾಕ್ರಯ್ಯ," ಎಂದರು. "ಆರಾಧ್ಯ ಅಂಡ್ ಅಂಜನಪ್ಪ. ಒಂದು ನನ್ನದು, ಒಂದು ಅವ್ನದು. ಸಮ ಆಯ್ತಲ್ಲ?"

ಆ ಮಾತನ್ನು ಅವರು ಮನಸಾರೆ ಆಡಿದ್ದರು. ಹನುಮಂತರಾಜುವಿಗೂ ಅದು ತಿಳಿಯಿತು. ತಿಳಿದೂ ಅವನು ಆ ಹೆಸರನ್ನು ಚೀಟಿಯಲ್ಲಿ ಬರೆಯಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ ಸರ್," ಎಂದ.

ಕಾನೂನಿಗೆ ಬರುವ ಮೊದಲು ಅವನು ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದ. ಯಾವುದನ್ನಾದರೂ ಕೋಷ್ಟಕ ಹಾಕದೆ ತೀರ್ಮಾನಿಸುವ ಅಭ್ಯಾಸ ಅವನಿಗಿರಲಿಲ್ಲ. ಮರುದಿನ ಬೆಳಗ್ಗೆ ಹಾಳೆಯ ನಡುವೆ ಗೆರೆ ಎಳೆದು ಕೂತ. ಅಂಜನಪ್ಪ ಎಂದರೆ ಚನ್ನರಾಯನದುರ್ಗದ ಕೆಳಗಿನ ಹಟ್ಟಿ; ಹೆಸರು ಓದಿದವರು ಮುಂದಿನ ಪ್ರಶ್ನೆ ಕೇಳದೆಯೇ ಉತ್ತರ ತಿಳಿದುಕೊಳ್ಳುತ್ತಾರೆ. ಆರಾಧ್ಯ ಎಂದರೂ ಅಷ್ಟೆ. ಎರಡನ್ನೂ ಅಕ್ಕಪಕ್ಕ ಬರೆದರೆ ಮೆಟ್ಟಿಲು ಹತ್ತುವ ಮೊದಲೇ ಕಕ್ಷಿದಾರರು ಎರಡು ಸಾಲಾಗುತ್ತಾರೆ. ಶಿರಾದ ಶೇಂಗಾ ಮಂಡಿಯವರೊಬ್ಬರು ಒಂದು ದಾವೆಯ ನಡುವೆ "ತಮ್ಮ ತಂದೆಯವರು ಏನು ಮಾಡ್ತಿದ್ರು?" ಎಂದು ವಿಚಾರಿಸಿ, ಮುಂದಿನ ವಾರ ಫೈಲು ವಾಪಸ್ಸು ಕೇಳಿದ್ದು ಅವನಿಗೆ ಮರೆತಿರಲಿಲ್ಲ. ಪಾಲುದಾರ ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಹೆಸರಿನದೇ ತಕರಾರು ಏಳುತ್ತದೆ ಎಂದೂ ಬರೆದ. ಯಾರ ಹೆಸರೂ ಅಲ್ಲದ ಹೆಸರಿಗೆ ಇವು ಯಾವುವೂ ಇಲ್ಲ. ಊರಿನ ಬೆಟ್ಟ ಒಂದೇ ಕಲ್ಲಿನದು. ಕೆಳಗೆ ಬರೆದ: ಏಕಶಿಲಾ ಲಾ ಅಸೋಸಿಯೇಟ್ಸ್.

ಹೆಸರು ಕೇಳಿ ಪ್ರಸನ್ನಕುಮಾರ ಆರಾಧ್ಯರು ಪತ್ರಿಕೆ ಮಡಿಸಿದರು. "ಗ್ರಾನೈಟ್ ಅಂಗಡಿ ಹೆಸರಿದ್ದಂಗಿದೆ. ಆಗ್ಲಿ, ನಿಮ್ಮಿಷ್ಟ."

"ಬೋರ್ಡಿನ ಕೆಳಗಡೆ ನಮ್ಮಿಬ್ಬರ ಹೆಸ್ರು ಸಣ್ಣದಾಗಿ?" ಎಂದು ರೇಣುಕಪ್ರಸಾದ್ ಕೇಳಿದ.

"ಅದನ್ನ ಹಾಕೋದಾದ್ರೆ ನಾನು ಇಷ್ಟು ಕಷ್ಟ ಯಾಕೆ ಪಟ್ಟೆ? ಮೇಲೆ ತೆಗೆದಿದ್ದು ಕೆಳಗಿಂದ ಬಂದಂಗಾಯ್ತು," ಎಂದ ಹನುಮಂತರಾಜು.

"ಸರಿ ಮಾರಾಯ. ವಿಜ್ಞಾನಿ ಹೇಳಿದ ಮೇಲೆ ಮುಗೀತು."

ಪತ್ರಕ್ಕೆ ಸಹಿ ಬಿತ್ತು. ತುಮಕೂರಿನಲ್ಲಿ ಸಂಸ್ಥೆಯ ನೋಂದಣಿಯಾಯಿತು, ಪ್ಯಾನ್ ಬಂತು, ಕಂಪನಿಯ ಕಾಗದಕ್ಕೂ ಸಹಿಯಾಯಿತು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಬೋರ್ಡು ಪೋಸ್ಟಾಫೀಸಿನ ಮುಂದಿನ ಆರಾಧ್ಯರ ಕಟ್ಟಡದ ಮೇಲೇರಿತು. ವಕೀಲರ ಬೋರ್ಡು ಮಿತವಾಗಿರಬೇಕೆಂಬ ನಿಯಮವಿದೆ. ಹನುಮಂತರಾಜು ಟೇಪು ಹಿಡಿದು ಅಳತೆಯನ್ನೂ ನೋಡಿದ್ದ. ತಾಲ್ಲೂಕು ಕಚೇರಿಯ ಹಿಂದಿದ್ದ ತನ್ನ ಬಾಡಿಗೆ ಕೋಣೆ ಖಾಲಿ ಮಾಡಿ, ಬಾಗಿಲಿನ ಪಕ್ಕದ ತಗಡಿನ ಫಲಕವನ್ನು ಬಿಚ್ಚಿ ಮನೆಗೆ ತಂದಿಟ್ಟ. ಹಸಿರು ಬಣ್ಣದ ಮೇಲೆ ಹಳದಿಯಲ್ಲಿ 'ಹನುಮಂತರಾಜು, ವಕೀಲರು' ಎಂದಿತ್ತು.

ಆ ಕೋಣೆಗೆ ಹಟ್ಟಿಗಳ ಜನ ಬರುವ ರೀತಿಯೇ ಬೇರೆಯಿತ್ತು. ಅವರಲ್ಲಿ ವಯಸ್ಸಾದ ಹಲವು ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಅವನು ವಿಸಿಟಿಂಗ್ ಕಾರ್ಡನ್ನು ಫಲಕದ ಹಾಗೆಯೇ ಹಸಿರು ಹಳದಿಯಲ್ಲಿ ಅಚ್ಚು ಹಾಕಿಸಿದ್ದ. ಕಾರ್ಡನ್ನು ಗೋಡೆಯ ಪಕ್ಕ ಹಿಡಿದು, ಅಕ್ಷರದ ಆಕಾರ ಕೂಡಿಸಿ ನೋಡಿ, ಕೂಡಿದರೆ ಒಳಗೆ ಬರುತ್ತಿದ್ದರು. ಅಪ್ಪನ ಜೊತೆ ಕುರಿ ಕಾಯುತ್ತಿದ್ದವರ ಮನೆಯ ಪಟಾಲಮ್ಮನಿಗೂ ಹಿಂದಿನ ವರ್ಷ ಒಂದು ಕಾರ್ಡು ಕೊಟ್ಟಿದ್ದ. ಗಂಡ ತೀರಿಕೊಂಡ ಮೇಲೆ ಮೈದುನ ಅವಳ ಪಾಲಿನ ಜಮೀನಿನ ಮೇಲೆ ಕಣ್ಣು ಹಾಕಿದ್ದ. "ಕೋರ್ಟಿಂದ ಕಾಗ್ದ ಬಂದ್ರೆ ಯಾವ್ದಕ್ಕೂ ಹೆಬ್ಬೆಟ್ಟು ಒತ್ಬೇಡ ಅತ್ತೆ. ಸೀದಾ ನನ್ನತ್ರ ಬಾ," ಎಂದಿದ್ದ.

ಕೋಷ್ಟಕದಲ್ಲಿ ಇದೊಂದು ಬಂದಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ಹಟ್ಟಿಯವರು ಕಡಿಮೆಯಾದದ್ದು ಅವನ ಗಮನಕ್ಕೆ ಬಂತು. ಸುಗ್ಗಿ ಇರಬೇಕು ಎಂದುಕೊಂಡ. ಪಾವಗಡಕ್ಕೆ ಓಡಾಟ, ಪಹಣಿಗಳ ಕಂತೆ, ಕಂಪನಿಯ ಇಮೇಲುಗಳು ಅವನ ದಿನಗಳನ್ನು ನುಂಗುತ್ತಿದ್ದವು. ಆರಾಧ್ಯರ ಹಳೆಯ ಕಕ್ಷಿದಾರರು ಮಾತ್ರ ಬರುತ್ತಲೇ ಇದ್ದರು. ಅವರು ಬೋರ್ಡಿನತ್ತ ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ "ಆರಾಧ್ಯರ ಆಫೀಸು" ಎಂದರೆ ಆಟೋದವನು ತಂದು ಬಿಡುತ್ತಿದ್ದ. ಏಕಶಿಲಾ ಎಂದು ಕರೆಯುತ್ತಿದ್ದುದು ಕಂಪನಿ ಮತ್ತು ಕೊರಿಯರ್‌ನವರು ಮಾತ್ರ.

ಫೆಬ್ರವರಿಯಲ್ಲಿ ಬೇರೊಂದು ಕೇಸಿಗೆಂದು ಕೊರಟಗೆರೆ ಕೋರ್ಟಿಗೆ ಹೋದಾಗ, ನಕಲು ಶಾಖೆಯ ಮುಂದಿನ ಕಲ್ಲು ಬೆಂಚಿನ ಮೇಲೆ ಪಟಾಲಮ್ಮ ಕೂತಿದ್ದಳು.

"ಏನತ್ತೆ, ಇಲ್ಲಿ?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಓ, ಅನ್ಮಂತ. ಇನ್ನೂ ಕೋಟು ಆಕ್ತೀಯ? ಲಾಯರಿಕೆ ಬುಟ್ಬುಟ್ಟೆ ಅಂದ್ಕೊಂಡಿದ್ದೆ."

"ಯಾರಂದ್ರು?"

"ಯಾರನ್ಬೇಕು? ಕಾಗ್ದ ಬಂತು ಅಂತ ಬಂದೆ ಕಣಪ್ಪ ಮಧುಗಿರಿಗೆ. ನಿನ್ ಕೋಣೆ ಬಾಗ್ಲು ಮುಚ್ಚಿತ್ತು. ಪಕ್ಕದೋನು ಪೋಸ್ಟಾಫೀಸು ಮುಂದ್ಗಡೆ ಓಗು ಅಂದ. ಓದೆ. ಕಾರ್ಡು ಇಡ್ದು ನೋಡ್ದೆ, ಒಂದಕ್ಸರಾನೂ ಕೂಡ್ಲಿಲ್ಲ. ಬಣ್ಣಾನೂ ಅದಲ್ಲ. ಜೆರಾಕ್ಸ್ ಅಂಗ್ಡಿಯೋನ್ನ ಕೇಳಿದ್ರೆ, ಇದು ಆರಾಧ್ಯರ ಆಫೀಸು ಕಣಜ್ಜಿ ಅಂದ. ದೊಡ್ಡೋರ ಮನೆ ಒಳೀಕೆ ಎಂಗ್ ಓಗಾನ? ಎರಡು ದಪ ಬಂದೆ."

"ಫೋನ್ ಮಾಡಿಸ್ಬೋದಿತ್ತಲ್ಲ ಅತ್ತೆ."

"ಮೈದ್ನನ ಕೈಲಿ ಮಾಡಿಸ್ದೆ. ಎತ್ತಾ ಇಲ್ಲ ಅಂದ."

ಹನುಮಂತರಾಜು ಅವಳ ಪಕ್ಕ ಕೂತ. ಮುಂದಿನದನ್ನು ಕೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು.

"ಅವ್ನೇ ಒಬ್ಬ ಲಾಯರ್‌ನ ಗೊತ್ತು ಮಾಡ್ದ, ನಿಂಗೂ ಒಬ್ರು ಬೇಕಲ್ಲ ಅತ್ತಿಗೆ ಅಂತ. ಎಲ್ಲಾ ರಾಜಿ ಆಗೋಗ್ಲಿ ಅಂದ್ರು. ಎಬ್ಬೆಟ್ಟು ಒತ್ತಿಸ್ಕೊಂಡ್ರು. ಜಡ್ಜು ಸಾಹೇಬ್ರು ಕೇಳಿದ್ರು, ಒಪ್ಗೆನಾ ತಾಯಿ ಅಂತ. ಊಂ ಅನ್ನು ಅಂದಿದ್ರು. ಅಂದೆ."

ಅವಳ ಕೈಯಲ್ಲಿದ್ದ ನಕಲನ್ನು ಅವನು ತೆಗೆದುಕೊಂಡು ಓದಿದ. ಮೂರು ಎಕರೆ ಹತ್ತು ಗುಂಟೆಯಲ್ಲಿ ತನಗೆ ಯಾವ ಹಕ್ಕೂ ಇಲ್ಲ ಎಂದು ಪಟಾಲಮ್ಮ ಒಪ್ಪಿದ್ದಳು. ಬಾವಿಯ ಪಕ್ಕದ ಕೊಟ್ಟಿಗೆಯೊಂದು ಅವಳಿಗೆ, ಅದೂ ಜೀವ ಇರುವವರೆಗೆ. ಮತ್ತೆ ಮೊದಲಿಂದ ಓದಿದ. ರಾಜಿ ಡಿಕ್ರಿಯ ಮೇಲೆ ಅಪೀಲಿಲ್ಲ. ಬೇರೆ ದಾವೆ ಹೂಡುವಂತೆಯೂ ಇಲ್ಲ. ಇದೇ ಕೋರ್ಟಿನಲ್ಲಿ ಅದು ಮೋಸದ ರಾಜಿ ಎಂದು ತೋರಿಸಬೇಕು. ಅವಳ ಪರ ವಕೀಲನ ಸಹಿ ಇದೆ, ಹೆಬ್ಬೆಟ್ಟು ಇದೆ, ನ್ಯಾಯಾಧೀಶರು ಕೇಳಿ ಬರೆದುಕೊಂಡ ಉತ್ತರವೂ ಇದೆ.

"ಅರ್ಜಿ ಹಾಕ್ತೀನಿ ಅತ್ತೆ," ಎಂದ.

"ಆಯ್ತದಾ?"

ಅವನು ಕಾಗದ ಮಡಿಸಿದ. ಸುಳ್ಳು ಹೇಳಲಾಗಲಿಲ್ಲ. "ಕಷ್ಟ."

"ಅಂಗಾರೆ ಬ್ಯಾಡ ಬುಡು. ಇನ್ನೆಷ್ಟು ದಪ ಬಸ್ಸು ಅತ್ಲಿ."

ಮಧ್ಯಾಹ್ನ ಮಧುಗಿರಿಗೆ ಬಂದವನೇ ಅವನು ರೇಣುಕಪ್ರಸಾದನಿಗೆ ಎಲ್ಲವನ್ನೂ ಹೇಳಿದ. ಆಮೇಲೆ, "ನಿಮ್ಮಪ್ಪ ಹೇಳಿದ್ದೇ ಇಡೋಣ ಪ್ರಸಾದು. ಆರಾಧ್ಯ ಅಂಡ್ ಅಂಜನಪ್ಪ," ಎಂದ.

ರೇಣುಕಪ್ರಸಾದ್ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. "ನೋಂದಣಿ, ಪ್ಯಾನು, ಕಂಪನಿ ಕರಾರು, ಎಲ್ಲ ಏಕಶಿಲಾ ಹೆಸ್ರಲ್ಲಿದೆ. ಕರಾರು ಮುಗಿಯೋವರ್ಗೂ ಹೆಸ್ರು ಬದಲಾಯಿಸಂಗಿಲ್ಲ ಅಂತ ಅವ್ರು ಹಾಕಿದ್ದಾರಲ್ಲ, ನೀನೇ ಓದಿ ಸಹಿ ಮಾಡಿದ್ದು. ನಿನ್ನ ತಗಡು ಬೋರ್ಡು ತಂದು ಬಾಗ್ಲಿಗೆ ಹೊಡ್ಸು. ಬೇಡ ಅಂದೋರ್ಯಾರು? ನಾನು ಮೊದಲೇ ಹೇಳಿದ್ನಲ್ಲ."

ಹೌದು, ಹೇಳಿದ್ದ. ಬೈಯಲು ಯಾರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಹನುಮಂತರಾಜುವಿಗೆ ಅನ್ನಿಸಿತು.

ಮರುದಿನ ಹಸಿರು ಫಲಕವನ್ನು ಬಾಗಿಲ ಪಕ್ಕ ಹೊಡೆಸಿದ. ವಾರ ಕಳೆಯಿತು. ಹಟ್ಟಿಯ ಒಬ್ಬ ಬಂದ, ಅವನಿಗೆ ಓದು ಬರುತ್ತಿತ್ತು. ಫಲಕ ಓದಿ, ಒಳಗೆ ಬಂದು, ಹನುಮಂತರಾಜುವಿಗೆ ಕೈಮುಗಿದು, "ಆರಾಧ್ಯರು ಇದಾರಾ ಸಾ?" ಎಂದ.

"ಯಾಕೆ, ನಾನಿದೀನಲ್ಲ."

"ಅಲ್ಲ, ನೀವು ಅವ್ರತ್ರ ಸೇರ್ಕೊಂಡ್ರಂತೆ ಅಂದ್ರು ಊರಾಗೆ. ಅದುಕ್ಕೇ ಅವ್ರುನ್ನೇ ನೋಡ್ಕೊಂಡು ಓಗಾನ ಅಂತ."

ಹನುಮಂತರಾಜು ಒಳಗಿನ ಕೋಣೆಯ ಕಡೆ ಕೈ ತೋರಿಸಿದ.

ಪಟಾಲಮ್ಮನ ಅರ್ಜಿಯನ್ನು ಅವನು ಕೊನೆಗೂ ಹಾಕಿದ. ಬೇಡವೆಂದವಳನ್ನು ತಾನೇ ಹಟ್ಟಿಗೆ ಹೋಗಿ ಒಪ್ಪಿಸಿ, ಫೀಸಿನ ಮಾತೆತ್ತದೆ. ಏಪ್ರಿಲ್‌ನಲ್ಲಿ ಅದು ವಜಾ ಆಯಿತು. ಅಂದು ಅವಳು ಕೋರ್ಟಿನ ಮೆಟ್ಟಿಲಿಳಿದು, ಸೊಂಟದ ಚೀಲ ಬಿಚ್ಚಿ, ಎಲೆಯಡಿಕೆಯ ಕೆಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಒಳಗೆ ಹಸಿರು ಕಾರ್ಡು ಹೊಸದರಂತೆಯೇ ಇತ್ತು.

"ತಗಾ, ಇದ್ನ ಬೇರೆ ಯಾರಿಗಾನ ಕೊಡು. ನಂಗಿನ್ಯಾತುಕ್ಕೆ?"

ಅವನು ತೆಗೆದುಕೊಂಡ. ಅದರಲ್ಲಿ ಹಳೆಯ ಕೋಣೆಯ ವಿಳಾಸವಿತ್ತು. ಅವಳು ಚೀಲದ ದಾರ ಬಿಗಿದು, ಬಸ್ಸಿನ ಕಡೆ ನಡೆದಳು.