ಕತ್ತಿನ ನಕ್ಷೆ

"ಒತ್ತಬೇಡಿ ರೀ, ಅದೇನು ಹಲಗೆನಾ!" ಎಂದು ಹೆಂಡತಿ ಕೂಗುವಷ್ಟರಲ್ಲಿ ಬಡಗಿಯ ಗದ್ದದ ಕೆಳಗೆ ನೊರೆ ಕೆಂಪಾಗಿತ್ತು.

ಹೊಸ ರೇಜರಿನ ಮೂರನೆಯ ಬೆಳಗು. ಹಳೆಯ ಐದು ಬ್ಲೇಡಿನ ಕಾರ್ಟ್ರಿಡ್ಜ್ ರೇಜರು ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೇ ಕತ್ತರಿಸುತ್ತಿತ್ತು; ಕೂದಲು ಒಳಗೇ ಸುರುಳಿ ಸುತ್ತಿ ಕತ್ತಿನ ತುಂಬ ಗುಳ್ಳೆ ಎಬ್ಬಿಸಿತ್ತು. ಶೆಡ್ಡಿನಲ್ಲಿ ಮರದ ಧೂಳಿಗೆ ಮಾಸ್ಕ್ ಹಾಕಲೇಬೇಕು. ಗಡ್ಡ ಬಿಟ್ಟರೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ, ಬೋಳಿಸಿದರೆ ಅದರ ಅಂಚು ತಾಗಿ ಗುಳ್ಳೆ ಒಡೆಯುತ್ತದೆ. "ಒಂದು ತಿಂಗಳು ನೋಡ್ತೀನಿ. ಆಗಲಿಲ್ಲ ಅಂದ್ರೆ ಲಾರಿಗೆ ಸಾಮಾನು ತುಂಬೋಕೆ ಹೋಗು" ಎಂದಿದ್ದ ಮೇಸ್ತ್ರಿ. ಆಗ ಕ್ಷೌರದಂಗಡಿಯವನು ಕೊಟ್ಟದ್ದು ಈ ಭಾರದ ಲೋಹದ ರೇಜರು; ಒಳಗೆ ಒಂದೇ ಬ್ಲೇಡು, ಎರಡು ಬದಿಗೂ ಅಲಗು.

ಪಟಿಕ ಉಜ್ಜಿದಾಗ ಬಡಗಿ ಹಲ್ಲು ಕಚ್ಚಿದ. "ಹಳೇದನ್ನೇ ಹುಡುಕಿ ಕೊಡೇ."

"ಅಂಗಡಿಯವನು ಏನಂದ? ರೇಜರಿನ ಭಾರವೇ ಸಾಕು, ಕೈ ಬಲ ಬೇಡ ಅಂದ. ತಲೆ ಎತ್ತಿ." ಅವಳು ಒಣಗಿದ ಕತ್ತಿನ ಮೇಲೆ ಬೆರಳಾಡಿಸಿದಳು. ಕಣ್ಣು ಮುಚ್ಚಿ, ಬಟ್ಟೆಯ ನೇಯ್ಗೆ ನೋಡುವ ಹಾಗೆ. "ಬಲಗಡೆ ಕೂದಲು ಕೆಳಕ್ಕೆ ಬೆಳೀತದೆ. ಎಡಗಡೆ ಕಿವಿ ಕಡೆಗೆ ಅಡ್ಡ. ನೀವು ಎಲ್ಲಾ ಕಡೆ ಕೆಳಗಿಂದ ಮೇಲಕ್ಕೆ! ಎಳೆ ನೋಡ್ದೆ ಹಲಗೆಗೆ ರಂದ ಹೊಡೀತೀರಾ?"

ಬಡಗಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಕೆಲಸ, ಸ್ವಂತ ಕತ್ತಿನ ಎಳೆ ಗೊತ್ತಿರಲಿಲ್ಲ.

ಮರುದಿನದಿಂದ ಅವಳು ಐದಕ್ಕೇ ಎದ್ದಳು. ಹೊಲಿಗೆ ಕಾರ್ಖಾನೆಯ ಸಂಜೆ ಪಾಳಿಯವಳು, ಎಂಟರವರೆಗೆ ಮಲಗಬಹುದಿತ್ತು. ಬಿಸಿನೀರು, ದಪ್ಪ ನೊರೆ, ಹಿಡಿಯನ್ನು ಇಳಿಸುತ್ತ ಬ್ಲೇಡು ಕೂದಲಿಗೆ ತಾಗುವಷ್ಟೇ ಓರೆ, ಬೆರಳಗಲದ ಗೀಟು. ಚರ್ಮ ಎಳೆದು ಹಿಡಿಯುವುದು ಅವಳ ಪಾಲು. ಮೊದಲ ಸುತ್ತು ಎಳೆಯ ಜೊತೆ, ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಎಳೆಗೆ ಎದುರು ಮಾತ್ರ ಬೇಡ. ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಐದು ಸಲಕ್ಕೊಂದು ಹೊಸ ಬ್ಲೇಡು.

ಎರಡನೆಯ ವಾರವೂ ಎರಡು ಕಡೆ ಗೀರಿತು. "ಕೈ ಮತ್ತೆ ಭಾರ ಆಯ್ತು" ಎಂದಳು. ಬೈಗುಳದಂತಿರಲಿಲ್ಲ. ಅವಳ ಉಸಿರು ಅವನ ಗದ್ದಕ್ಕೆ ತಾಗುತ್ತಿತ್ತು. ಪಾಳಿಗಳ ನಡುವೆ ಅವರು ಇಷ್ಟು ಹತ್ತಿರ ನಿಂತು ಎಷ್ಟೋ ಕಾಲವಾಗಿತ್ತು.

ತಿಂಗಳ ಕೊನೆಗೆ ಮೇಸ್ತ್ರಿ ಮಾಸ್ಕ್ ಹಾಕಿಸಿ, ಫಿಲ್ಟರ್ ಮುಚ್ಚಿ ಉಸಿರೆಳೆಯಲು ಹೇಳಿದ. ಮಾಸ್ಕ್ ಮುಖಕ್ಕೆ ಬಿಗಿಯಾಗಿ ಅಂಟಿಕೊಂಡಿತು, ಗಾಳಿ ಎಲ್ಲೂ ನುಸುಳಲಿಲ್ಲ. ಗುಳ್ಳೆಗಳ ಜಾಗದಲ್ಲಿ ಕಂದು ಕಲೆಗಳಷ್ಟೇ ಉಳಿದಿದ್ದವು. "ಹೋಗು, ನಿನ್ನ ಬೆಂಚಿಗೆ ಹೋಗು" ಎಂದ.

ಮಾರನೆಯ ಬೆಳಗ್ಗೆ ಬಡಗಿ ಒಬ್ಬನೇ ಬೋಳಿಸತೊಡಗಿದ್ದ. ಅವಳು ನಿದ್ದೆಗಣ್ಣಲ್ಲಿ ಬಂದು ಬಾಗಿಲಿಗೆ ಒರಗಿದಳು.

"ಈಗ ನಂಗೆ ಬರತ್ತೆ ಕಣೇ. ನಾಳೆಯಿಂದ ನೀನು ಎಂಟರ ತನಕ ಮಲಗು."

ಅವಳು ಅವನ ಗದ್ದ ಹಿಡಿದು ಮೇಲೆತ್ತಿ, ಎಂದಿನಂತೆ ಚರ್ಮ ಎಳೆದು ಹಿಡಿದಳು.

"ಆಗಲ್ಲ."